ಕಂಪನಿಯ ಹೆಸರಿಗೆ ಸಿಗುವುದು ಹತ್ತು ಅಕ್ಷರಗಳ ಜಾಗ

ಪ್ರಶ್ನೆ: ಹಾವೇರಿ ಜಿಲ್ಲೆಯ ನಾವು ಕೆಲವು ಊರಿನವರು ಸೇರಿ ರೈತ ಉತ್ಪಾದಕ ಕಂಪನಿ ಕಟ್ಟುತ್ತಿದ್ದೇವೆ. ಒಣ ಮೆಣಸಿನಕಾಯಿಯನ್ನು ರಫ್ತು ಮಾಡಬೇಕು, ಸುತ್ತಲಿನ ಹಳ್ಳಿಗಳಲ್ಲಿ ಜೋಳ ಮತ್ತು ಹಿಂಡಿಯ ಚೀಲಗಳನ್ನೂ ಮಾರಬೇಕು. ‘ಶ್ರೀ ಬಸವೇಶ್ವರ ಮೆಣಸಿನಕಾಯಿ ಬೆಳೆಗಾರರ ಪ್ರೊಡ್ಯೂಸರ್ ಕಂಪನಿ’ ಎಂದು ಇಡಬಹುದೇ?

ಉತ್ತರ: ನಾನು ರಫ್ತಿನ ದಾಖಲೆಗಳನ್ನು ಸಿದ್ಧಪಡಿಸುವ ಕೆಲಸದಲ್ಲಿದ್ದೇನೆ. ಅರ್ಜಿ ಹಾಕುವ ಮೊದಲೇ ಕೇಳಿದ್ದೀರಿ, ಒಳ್ಳೆಯದಾಯಿತು. ಈ ಹೆಸರನ್ನು ಇಡಬೇಡಿ ಎಂಬುದೇ ನನ್ನ ಸಲಹೆ. ಕಾರಣ ತಿಳಿಯಬೇಕಾದರೆ ವಿದೇಶದ ಖರೀದಿದಾರನ ಬ್ಯಾಂಕಿನಲ್ಲಿ ನಿಮ್ಮ ಹೆಸರು ಹೇಗೆ ಕಾಣುತ್ತದೆ ಎಂಬುದನ್ನು ನೋಡಬೇಕು.

ಖರೀದಿದಾರ ಎಲ್‌ಸಿ ತೆರೆದಾಗ, ಅಂದರೆ ದಾಖಲೆ ಸರಿಯಿದ್ದರೆ ಹಣ ಕೊಡುತ್ತೇವೆ ಎಂಬ ಭರವಸೆ ಪತ್ರವನ್ನು ತನ್ನ ಬ್ಯಾಂಕಿನಿಂದ ಕೊಡಿಸಿದಾಗ, ಅದು ಬ್ಯಾಂಕುಗಳ ನಡುವಿನ ಸ್ವಿಫ್ಟ್ ಜಾಲದ ಸಂದೇಶವಾಗಿ ನಿಮ್ಮ ಬ್ಯಾಂಕಿಗೆ ಬರುತ್ತದೆ. ಹಣ ಪಡೆಯುವವರ ಹೆಸರು, ವಿಳಾಸ ಎರಡೂ ಸೇರಿ ಅಲ್ಲಿ ಸಿಗುವುದು ನಾಲ್ಕು ಸಾಲು, ಸಾಲಿಗೆ 35 ಅಕ್ಷರ. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಹೆಸರು ಅಲ್ಲಿ ಕೂರುವುದು ಹೀಗೆ:

```
SRI BASAVESHWARA MENASINAKAYI BELEG
ARARA PRODUCER COMPANY LIMITED
```

ಒಟ್ಟು 65 ಅಕ್ಷರ. ಎರಡು ಸಾಲು ಹೆಸರಿಗೇ ಹೋಯಿತು, ಊರು, ತಾಲ್ಲೂಕು, ಪಿನ್‌ಕೋಡ್‌ಗೆ ಉಳಿದದ್ದು ಎರಡೇ ಸಾಲು. ಹೆಸರು ಉದ್ದವಾಯಿತೆಂದು ಯಾರೂ ಎಲ್‌ಸಿಯನ್ನು ತಿರಸ್ಕರಿಸುವುದಿಲ್ಲ. ಆದರೆ ಉದ್ದ ಹೆಸರನ್ನು ಅಲ್ಲಿನ ಗುಮಾಸ್ತರು ತಮಗೆ ತೋಚಿದಂತೆ ಮೊಟಕು ಮಾಡುತ್ತಾರೆ. ಒಂದು ಕಡೆ BASAVESWARA ಆಗುತ್ತದೆ, ಇನ್ನೊಂದು ಕಡೆ BASAVESHWAR ಆಗುತ್ತದೆ. ‘ಲಿಮಿಟೆಡ್’ ಬದಲು LTD ಎಂದಿದ್ದರೆ ಬ್ಯಾಂಕುಗಳು ಒಪ್ಪುತ್ತವೆ, ಅದು ರೂಢಿಯ ಸಂಕ್ಷೇಪ. ನಿಮ್ಮ ಹೆಸರಿನ ಕಾಗುಣಿತವೇ ಬೇರೆಯಾದರೆ ಮಾತ್ರ ದಾಖಲೆ ಪರಿಶೀಲಿಸುವವರು ಅದನ್ನು ವ್ಯತ್ಯಾಸವೆಂದು ಎತ್ತಿ ತೋರಿಸಬಹುದು. ಆಗ ತಿದ್ದುಪಡಿ, ಅದಕ್ಕೊಂದು ಶುಲ್ಕ. ಅಷ್ಟು ದಿನ ಹಣ ಕೈಗೆ ಬರುವುದಿಲ್ಲ, ಮೆಣಸಿನಕಾಯಿ ಕೊಟ್ಟ ರೈತ ದಿನವೂ ನಿಮ್ಮ ಕಚೇರಿಯ ಬಾಗಿಲಿಗೆ ಬರುತ್ತಾನೆ.

ನಿಮ್ಮ ಕಡೆಯಿಂದ ಕಾಗುಣಿತ ಬದಲಿಸಿ ಹೊಂದಿಸಿಕೊಳ್ಳಲೂ ಆಗುವುದಿಲ್ಲ. ಕಂಪನಿ ನೋಂದಣಿಗೆ ಹಾಕುವ ಸ್ಪೈಸ್ ಪ್ಲಸ್ ಅರ್ಜಿಯಲ್ಲಿ ನೀವು ಟೈಪ್ ಮಾಡುವ ಇಂಗ್ಲಿಷ್ ಕಾಗುಣಿತವೇ ಪ್ಯಾನ್‌ಗೆ ಹೋಗುತ್ತದೆ. ಪ್ಯಾನ್ ಆಧಾರದ ಮೇಲೆ ಆಮದು-ರಫ್ತು ಸಂಕೇತ, ಅದರ ಹೆಸರೇ ಶಿಪ್ಪಿಂಗ್ ಬಿಲ್‌ಗೆ, ಸಂಬಾರ ಮಂಡಳಿಯ ರಫ್ತುದಾರ ನೋಂದಣಿಗೆ. ಒಂದು ಕಡೆ ಇಟ್ಟ ಅಕ್ಷರ ಎಲ್ಲ ಕಡೆಯೂ ನಿಮ್ಮ ಬೆನ್ನು ಹತ್ತುತ್ತದೆ.

ಈಗ ಮುಖ್ಯ ಲೆಕ್ಕ. ಕಾನೂನಿನ ಪ್ರಕಾರ ಹೆಸರಿನ ಕೊನೆಗೆ PRODUCER COMPANY LIMITED ಇರಲೇಬೇಕು. ಅದೇ 24 ಅಕ್ಷರ. ಅದರ ಹಿಂದಿನ ಖಾಲಿ ಜಾಗ ಸೇರಿದರೆ 25. ಒಂದೇ ಸಾಲಿನಲ್ಲಿ ಹೆಸರು ಮುಗಿಯಬೇಕಾದರೆ ನಿಮ್ಮ ಕೈಯಲ್ಲಿ ಉಳಿಯುವುದು ಹತ್ತೇ ಅಕ್ಷರ. ನಾನು ಹೆಸರು ಆರಿಸಲು ಕುಳಿತವರ ಮುಂದೆ ಮೊದಲು ಇಡುವುದು ಈ ಹತ್ತು ಮನೆಗಳನ್ನೇ. ‘&’ ಚಿಹ್ನೆಯನ್ನಂತೂ ಸೇರಿಸಲೇಬೇಡಿ. ಸ್ವಿಫ್ಟ್ ಸಂದೇಶದ ಹೆಸರು-ವಿಳಾಸದ ಸಾಲುಗಳಲ್ಲಿ ಆ ಚಿಹ್ನೆಗೆ ಜಾಗವೇ ಇಲ್ಲ.

ಹತ್ತು ಅಕ್ಷರದೊಳಗೆ ಬಂದರಷ್ಟೇ ಸಾಲದು, ಇಂಗ್ಲಿಷಿನಲ್ಲಿ ಒಂದೇ ರೀತಿ ಬರೆಯಬಹುದಾದ ಹೆಸರು ಬೇಕು. ಬಹಳ ಮಂದಿ ಮೊದಲು ಕೇಳುವುದು ಬ್ಯಾಡಗಿ ಎಂಬ ಹೆಸರನ್ನು. ಅದನ್ನು Byadagi, Byadgi, Bedgi ಎಂದು ಮೂರು ರೀತಿ ಬರೆಯುವುದು ವ್ಯಾಪಾರದಲ್ಲಿ ರೂಢಿಯಲ್ಲಿದೆ. ಜೊತೆಗೆ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಯ ರಕ್ಷಣೆ ಇರುವುದರಿಂದ ಅದು ಒಂದು ಕಂಪನಿಯ ಸ್ವಂತ ಗುರುತಾಗಲಾರದು. ಚೀಲದ ಮೇಲೆ ಸರಕಿನ ಹೆಸರಾಗಿ ಇರಲಿ, ಅದಕ್ಕೆ ಬೇಕಾದ ಅಧಿಕೃತ ಬಳಕೆದಾರರ ನೋಂದಣಿ ಮಾಡಿಸಿಕೊಳ್ಳಿ.

ಇನ್ನು ಚೀಲ. ಪ್ಲಾಸ್ಟಿಕ್ ನೇಯ್ಗೆಯ ಚೀಲದ ಮೇಲೆ ಅಚ್ಚು ಬಿದ್ದಾಗ ಶಾಯಿ ನೇಯ್ಗೆಯ ಸಂದಿಗಳಲ್ಲಿ ಹರಡುತ್ತದೆ. ದೊಡ್ಡ ಅಕ್ಷರಕ್ಕೆ ಏನೂ ಆಗುವುದಿಲ್ಲ, ಕೆಳಗಿನ ಒತ್ತಕ್ಷರ ಮಾತ್ರ ಮುದ್ದೆಯಾಗುತ್ತದೆ. ‘ಸಮೃದ್ಧಿ’ ಎಂಬ ಪದವನ್ನು ಇಂಥ ಚೀಲದ ಮೇಲೆ ನೋಡಿ: ‘ಮೃ’ದ ಬಾಲವೂ ‘ದ್ಧಿ’ಯ ಒತ್ತೂ ಸೇರಿ ಕಪ್ಪು ಚುಕ್ಕೆಯಂತೆ ಕಾಣುತ್ತವೆ. ಗೋಣಿಚೀಲಕ್ಕೆ ತಗಡಿನ ಅಚ್ಚು ಕೊರೆಯುವಾಗ ಇನ್ನೊಂದು ತೊಡಕು: ಪೂರ್ತಿ ಮುಚ್ಚಿದ ಸುತ್ತುಗಳ ಒಳಗಿನ ತುಂಡು ಉದುರಿಹೋಗುತ್ತದೆ, ಅದನ್ನು ಹಿಡಿಯಲು ಅಲ್ಲಲ್ಲಿ ಸಣ್ಣ ಸೇತುವೆ ಬಿಡಬೇಕು. ಒತ್ತಿಲ್ಲದ, ಮೂರು-ನಾಲ್ಕು ಅಕ್ಷರದ ಪದ ಎರಡೂ ಕಡೆ ಉಳಿಯುತ್ತದೆ.

ದೇವರ ಹೆಸರಿನ ಬಗ್ಗೆಯೂ ನೇರವಾಗಿ ಹೇಳುತ್ತೇನೆ. ಖಾಲಿ ಚೀಲವನ್ನು ಹಳ್ಳಿಯಲ್ಲಿ ಯಾರೂ ಎಸೆಯುವುದಿಲ್ಲ, ಅದು ಬಾಗಿಲಲ್ಲಿ ಕಾಲೊರಸಾಗುತ್ತದೆ, ದನದ ಕೊಟ್ಟಿಗೆಗೆ ಹೋಗುತ್ತದೆ. ಅದರ ಮೇಲೆ ಬಸವಣ್ಣನ ಹೆಸರಿದ್ದರೆ ನಿಮ್ಮ ಸದಸ್ಯರೇ ನೊಂದುಕೊಳ್ಳುತ್ತಾರೆ. ಅಲ್ಲದೆ ಬಸವೇಶ್ವರನ ಹೆಸರಿನ ಕಂಪನಿಗಳು ಎಷ್ಟೋ ಇವೆ. ಇರುವ ಹೆಸರಿಗೆ ಊರಿನ ಹೆಸರು ಸೇರಿಸಿದರೆ ಬೇರೆಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಕಂಪನಿ ನೋಂದಣಿ ನಿಯಮ ಅದನ್ನು ಒಪ್ಪುವುದಿಲ್ಲ. ಕಾಗುಣಿತದಲ್ಲಿ ಒಂದು ‘h’ ಸೇರಿಸುವುದು, ಏಕವಚನವನ್ನು ಬಹುವಚನ ಮಾಡುವುದು, ಪದಗಳನ್ನು ಹಿಂದೆಮುಂದೆ ಮಾಡುವುದು ಇವೆಲ್ಲ ಅಲ್ಲಿ ಅದೇ ಹೆಸರು ಎಂದೇ ಲೆಕ್ಕ.

ಉದಾಹರಣೆಗೆ ‘ಕೆಂಪುಹೊಲ’ ಎಂಬ ಪದವನ್ನು ತೆಗೆದುಕೊಳ್ಳಿ. KEMPUHOLA ಒಂಬತ್ತು ಅಕ್ಷರ, ಕಡ್ಡಾಯದ ಬಾಲ ಸೇರಿ 34. ಒಂದೇ ಸಾಲಿನಲ್ಲಿ ಕೂರುತ್ತದೆ. ದೀರ್ಘ ಸ್ವರವಿಲ್ಲ, ‘ಳ’, ‘ಣ’ ಇಲ್ಲ, ಆದ್ದರಿಂದ ಬೇರೆ ಕಾಗುಣಿತ ಹುಡುಕುವುದು ಕಷ್ಟ. ಒತ್ತಕ್ಷರ ಒಂದೂ ಇಲ್ಲ. ಮೆಣಸಿನಕಾಯಿಯ ಬಣ್ಣ ಹೆಸರಿನಲ್ಲಿದೆ, ಆದರೆ ಜೋಳ, ಹಿಂಡಿ ಮಾರಲು ಅಡ್ಡಿಯಿಲ್ಲ. ‘ಮೆಣಸಿನಕಾಯಿ ಬೆಳೆಗಾರರ’ ಎಂದಿದ್ದರೆ ಆ ಚೀಲದಲ್ಲಿ ಹಿಂಡಿ ಕೊಳ್ಳುವವರು ಯಾರು? ಇದನ್ನೇ ಇಡಿ ಎನ್ನುತ್ತಿಲ್ಲ, ನಿಮ್ಮ ಪದವನ್ನು ಹೀಗೆ ಒರೆಗೆ ಹಚ್ಚಿ ನೋಡಿ. ಆಮೇಲೆ ಓದು ಬಾರದ ಒಬ್ಬ ಹಿರಿಯರಿಗೆ ಅದನ್ನು ಒಮ್ಮೆ ಹೇಳಿ, ಮರುದಿನ ಕೇಳಿ. ಹಳ್ಳಿಯ ಅಂಗಡಿಯಲ್ಲಿ ಸರಕು ಕೇಳುವುದು ಬಾಯಿಂದ, ಗುರುತು ಹಿಡಿಯುವುದು ಚಿತ್ರದಿಂದ. ಹೆಸರು ನೆನಪಾಗದಿದ್ದರೆ ‘ಆ ಎತ್ತಿನ ಮಾರ್ಕ್ ಕೊಡಿ’ ಎನ್ನುತ್ತಾರೆ. ಹಾಗಾಗಿ ಹೆಸರಿಗೆ ಹೊಂದುವ ಒಂದೇ ಚಿತ್ರವನ್ನು ಮೊದಲೇ ಗೊತ್ತು ಮಾಡಿ.

ಚೀಲದ ಮುಂಭಾಗದಲ್ಲಿ ಕನ್ನಡದ ಹೆಸರು ದೊಡ್ಡದಾಗಿ ಇರಲಿ. ಪೊಟ್ಟಣದ ಸರಕಿಗೆ ತೂಕ-ಅಳತೆ ನಿಯಮ ಕೇಳುವ ವಿವರಗಳು, ಅಂದರೆ ಕಂಪನಿಯ ಪೂರ್ತಿ ಹೆಸರು, ವಿಳಾಸ, ನಿವ್ವಳ ತೂಕ ಮುಂತಾದವು, ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು, ಜೊತೆಗೆ ಕನ್ನಡದಲ್ಲೂ ಹಾಕಬಹುದು.

ಅರ್ಜಿಯಲ್ಲಿ ಎರಡು ಹೆಸರು ಸೂಚಿಸಲು ಅವಕಾಶವಿದೆ, ಎರಡನ್ನೂ ಪೂರ್ತಿ ಪರೀಕ್ಷಿಸಿಯೇ ಹಾಕಿ. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲೂ ಟ್ರೇಡ್‌ಮಾರ್ಕ್ ಪಟ್ಟಿಯಲ್ಲೂ ಹುಡುಕಿ. ಹೆಸರು ಮಂಜೂರಾದ ಮೇಲೆ ಅದು ನಿಮಗಾಗಿ ಕಾದಿರುವುದು 20 ದಿನ. ಅಷ್ಟರಲ್ಲಿ ಉಳಿದ ಕಾಗದಗಳು ಸಿದ್ಧವಿಲ್ಲದಿದ್ದರೆ ಶುಲ್ಕ ಕಟ್ಟಿ ಅವಧಿ ವಿಸ್ತರಿಸಿಕೊಳ್ಳಬೇಕು.

ಕಂಪನಿ ನೋಂದಣಿಯಾದರೆ ಹೆಸರು ಭದ್ರ ಎಂದುಕೊಳ್ಳಬೇಡಿ. ಚೀಲದ ಮೇಲಿನ ಗುರುತನ್ನು ಕಾಯುವುದು ಟ್ರೇಡ್‌ಮಾರ್ಕ್. ಮೆಣಸಿನಕಾಯಿ 30ನೇ ವರ್ಗದಲ್ಲಿ, ಪಶು ಆಹಾರ 31ನೇ ವರ್ಗದಲ್ಲಿ ಬರುತ್ತವೆ. ಕನ್ನಡ ಲಿಪಿಯ ಗುರುತಿಗೂ ಅರ್ಜಿ ಹಾಕಬಹುದು, ಜೊತೆಗೆ ಇಂಗ್ಲಿಷ್ ಲಿಪ್ಯಂತರ ಮತ್ತು ಅರ್ಥ ಕೊಡಬೇಕು. ಅರ್ಜಿದಾರರ ಜಾಗದಲ್ಲಿ ಕಂಪನಿಯ ಹೆಸರೇ ಇರುವಂತೆ ನೋಡಿಕೊಳ್ಳಿ. ಅವಸರದಲ್ಲಿ ಯಾರೋ ಒಬ್ಬ ನಿರ್ದೇಶಕರ ಹೆಸರಿನಲ್ಲಿ ಹಾಕಿದರೆ, ಅವರು ಬಿಟ್ಟುಹೋಗುವ ದಿನ ಗುರುತೂ ಅವರ ಜೊತೆಗೇ ಹೋಗಬಹುದು.