ಟ್ರಾನ್ಸ್‌ಪೋರ್ಟ್ ರೇಟ್ ಕಾಂಟ್ರಾಕ್ಟ್ ರಿನ್ಯೂಯಲ್: ಫಿಕ್ಸ್ ಮಾಡ್ಬೇಕಾಗಿರೋದು ಯಾವುದು

ಪ್ರಶ್ನೆ: ನಮ್ದು ಪೀಣ್ಯದಲ್ಲಿ ಸಣ್ಣ ಯೂನಿಟ್. ಪುಣೆ ಹತ್ರದ ಚಾಕಣ್‌ಗೆ ತಿಂಗಳಿಗೆ 8 ಗಾಡಿ ಹೋಗುತ್ತೆ, 32 ಅಡಿ ಕಂಟೇನರ್. ಮಾರ್ಚ್ 31ಕ್ಕೆ ಟ್ರಾನ್ಸ್‌ಪೋರ್ಟರ್ ಕಾಂಟ್ರಾಕ್ಟ್ ಮುಗಿಯುತ್ತೆ. ಈ ಸಲ ವರ್ಷಪೂರ್ತಿ ಒಂದೇ ರೇಟ್ ಬೇಕು, ಗಾಡಿನೂ ಹೇಳಿದ ಟೈಮಿಗೆ ಬರ್ಬೇಕು. ಹೇಗೆ ಮಾತಾಡೋದು?

ಉತ್ತರ:

ನಾನು ಡಿಸ್ಪ್ಯಾಚ್ ನೋಡ್ಕೊಳ್ಳೋದು, ಇದೇ ರೂಟ್‌ಗೆ ನಾವೂ ಗಾಡಿ ಕಳಿಸ್ತೀವಿ, ಅದಕ್ಕೆ ಲೆಕ್ಕದ ಸಮೇತ ಹೇಳ್ತೀನಿ.

ಮೊದಲು ರೇಟ್ ವಿಷ್ಯ. ವರ್ಷಪೂರ್ತಿ ಒಂದು ರೂಪಾಯಿನೂ ಬದಲಾಗಬಾರ್ದು ಅಂದ್ರೆ ಟ್ರಾನ್ಸ್‌ಪೋರ್ಟರ್ ಇಲ್ಲ ಅನ್ನಲ್ಲ, ಡೀಸೆಲ್ ಏರಿದ್ರೆ ಎಷ್ಟು ಏರಬಹುದು ಅಂತ ಈಗಲೇ ಅಂದಾಜು ಮಾಡಿ ಅದನ್ನ ರೇಟ್ ಒಳಗೆ ಸೇರಿಸಿ ಕೊಡ್ತಾನೆ. ನಮಗೆ ಎರಡು ಕೊಟೇಶನ್ ಕೊಟ್ಟಿದ್ರು. ಪೂರ್ತಿ ಫಿಕ್ಸ್ ಅಂದ್ರೆ ಟ್ರಿಪ್‌ಗೆ 44,500, ಡೀಸೆಲ್ ಪ್ರಕಾರ ಹೆಚ್ಚುಕಮ್ಮಿ ಆಗ್ಲಿ ಅಂದ್ರೆ 42,000. ವ್ಯತ್ಯಾಸ 2,500 ಅಷ್ಟೇ ತಾನೇ ಅನ್ಸುತ್ತೆ, ಆದ್ರೆ ತಿಂಗಳಿಗೆ 8 ಅಂದ್ರೆ ವರ್ಷಕ್ಕೆ 96 ಟ್ರಿಪ್, ಒಟ್ಟು 2,40,000. ಇಷ್ಟು ಕೊಟ್ಟು ಏನು ಕೊಂಡ್ಕೊಳ್ತಿದೀವಿ ಅಂತ ನಾನು ಲೆಕ್ಕ ಹಾಕ್ದೆ. ಹೆಚ್ಚುಕಮ್ಮಿ 850 ಕಿಮೀ, ಲೋಡ್ ಗಾಡಿ ಲೀಟರ್‌ಗೆ 4 ಕಿಮೀ ಕೊಡುತ್ತೆ ಅಂದ್ಕೊಳ್ಳಿ, ಸುಮಾರು 212 ಲೀಟರ್ ಆಯ್ತು. 2,500ನ 212ರಿಂದ ಭಾಗ್ಸಿದ್ರೆ 12 ರೂಪಾಯಿ ಹತ್ರ ಬರುತ್ತೆ. ಅಂದ್ರೆ ವರ್ಷದ ಸರಾಸರಿ ಲೆಕ್ಕದಲ್ಲಿ ಡೀಸೆಲ್ ಲೀಟರ್‌ಗೆ 12 ರೂಪಾಯಿ ಏರಿದ್ರೆ ಮಾತ್ರ ನಮ್ಮ ದುಡ್ಡಿಗೆ ದುಡ್ಡು ಸರಿಹೋಗುತ್ತೆ. 2025ರ ಏಪ್ರಿಲ್ 1ಕ್ಕೆ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಸೇಲ್ಸ್ ಟ್ಯಾಕ್ಸ್ ಏರ್ಸಿದ್ರಲ್ಲ, ಆಗ ಲೀಟರ್‌ಗೆ ಏರಿದ್ದು 2 ರೂಪಾಯಿ, ಅದೂ ಸೇರಿ ಕೆಲವು ಕಾರಣಕ್ಕೆ ಲಾರಿಯವ್ರು ಮುಷ್ಕರ ಮಾಡಿದ್ರು. ನಾನು 42,000ದೇ ತಗೊಂಡೆ.

ಆದ್ರೆ ಅದ್ರಲ್ಲಿ ಡೀಸೆಲ್ ಕಂಡೀಷನ್ನ ಸರಿಯಾಗಿ ಬರೆಸ್ಕೊಳ್ಳಿ. "ಡೀಸೆಲ್ ಏರಿದ್ರೆ ಮಾತುಕತೆ ಮಾಡಿ ಪರಿಷ್ಕರಿಸಲಾಗುವುದು" ಅಂತ ಬರೆದ್ರೆ ಕಾಂಟ್ರಾಕ್ಟ್ ಇದ್ದೂ ಇಲ್ದಂಗೆ, ಪ್ರತಿ ತಿಂಗ್ಳು ಜಗ್ಗಾಟ. ನಾವು ಬರೆಸಿದ್ದು ಹೀಗೆ: ಸಹಿ ಹಾಕೋ ದಿನ ಬೆಂಗಳೂರಲ್ಲಿ ಡೀಸೆಲ್ ಬೆಲೆ ಇಷ್ಟು, ಯಾವ ಕಂಪನಿ ಬಂಕ್‌ನ ಬೆಲೆ ಅನ್ನೋದೂ ಸೇರಿಸಿ. ಪ್ರತಿ ತಿಂಗಳು 1ನೇ ತಾರೀಖಿನ ಬೆಲೆ ನೋಡೋದು, 3 ರೂಪಾಯಿ ಒಳಗೆ ಏರಿದ್ರೂ ಇಳಿದ್ರೂ ರೇಟ್ ಬದಲಾಗಲ್ಲ, ಅದಕ್ಕಿಂತ ಜಾಸ್ತಿ ಬದಲಾದ್ರೆ ಮೂಲ ಬೆಲೆಯಿಂದ ಪೂರ್ತಿ ವ್ಯತ್ಯಾಸಕ್ಕೆ, ರೂಪಾಯಿಗೆ 212ರಂತೆ ಟ್ರಿಪ್ ರೇಟ್ ಕೂಡ್ಸೋದು ಅಥವಾ ಕಳೆಯೋದು. 5 ರೂಪಾಯಿ ಏರಿದ್ರೆ 1,060, ಮುಗೀತು, ಫೋನ್ ಮಾಡಿ ಗೋಳಾಡೋದು ಬೇಡ. ಇಳಿದಾಗ ಕಳೆಯೋದು ಅನ್ನೋ ಮಾತನ್ನ ಅವರ ಡ್ರಾಫ್ಟ್‌ನಲ್ಲಿ ಯಾವತ್ತೂ ಬರೆದಿರಲ್ಲ, ನೀವೇ ಸೇರಿಸ್ಬೇಕು.

ಫಿಕ್ಸ್ ಮಾಡ್ಬೇಕಾಗಿರೋದು ಡೀಸೆಲ್ ಬಿಟ್ಟು ಉಳಿದದ್ದನ್ನ. ಟೋಲ್, ಹಮಾಲಿ, ಹಾಲ್ಟಿಂಗ್, ಆರ್‌ಟಿಓ ಖರ್ಚು ಅಂತ ಬಿಲ್ ಕೊನೆಗೆ ಸಣ್ಣ ಸಣ್ಣ ಸಾಲು ಬರುತ್ತಲ್ಲ, ಹೋದ ವರ್ಷದ ಬಿಲ್ಲೆಲ್ಲಾ ಕೂತು ಕೂಡಿಸಿ ನೋಡಿ, ನಮ್ಮಲ್ಲಿ ರೇಟ್ ಕಮ್ಮಿ ಮಾಡಿಸಿ ಉಳಿಸಿದ್ದೆಲ್ಲಾ ಅಲ್ಲೇ ಹೋಗಿತ್ತು. ಟೋಲ್ ಹೆಚ್ಚಿನ ಕಡೆ ಪ್ರತಿ ಏಪ್ರಿಲ್ 1ಕ್ಕೆ ಪರಿಷ್ಕರಣೆ ಆಗುತ್ತೆ, ನಿಮ್ಮ ಕಾಂಟ್ರಾಕ್ಟ್ ಶುರುವಾಗೋದೂ ಅವತ್ತೇ, ಹಾಗಾಗಿ ಹೊಸ ಟೋಲ್ ಸೇರಿಸಿಯೇ ರೇಟ್ ಕೊಡಿ ಅನ್ನಿ. ಹಾಲ್ಟಿಂಗ್ ಮಾತ್ರ ನ್ಯಾಯವಾಗಿ ಕೊಡಿ. ಚಾಕಣ್‌ನಲ್ಲಿ ಕಸ್ಟಮರ್ ಗೇಟ್ ಮುಂದೆ ಗಾಡಿ ಎರಡು ದಿನ ನಿಂತ್ರೆ ಅದು ಡ್ರೈವರ್ ತಪ್ಪಲ್ಲ. ನಾವು 24 ಗಂಟೆ ಫ್ರೀ, ಆಮೇಲೆ ದಿನಕ್ಕೆ 1,500 ಅಂತ ಇಟ್ಟಿದೀವಿ.

ಈಗ ಗಾಡಿ ಟೈಮಿಗೆ ಬರೋ ವಿಷ್ಯ, ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ಹಿಂದಿನ ಕಾಂಟ್ರಾಕ್ಟ್‌ನಲ್ಲಿ "95% ಆನ್ ಟೈಮ್ ಪ್ಲೇಸ್‌ಮೆಂಟ್" ಅಂತ ಚೆನ್ನಾಗಿ ಬರೆದಿತ್ತು. ಆಯುಧ ಪೂಜೆ ಆದ್ಮೇಲೆ ದೀಪಾವಳಿವರೆಗೂ ಗಾಡಿ ಟೈಟ್ ಇರುತ್ತೆ, ಡ್ರೈವರ್‌ಗಳು ಊರಿಗೆ ಹೋಗಿರ್ತಾರೆ, ಮಾರ್ಕೆಟ್ ರೇಟ್ 51,000 ಆಯ್ತು, ನಮ್ಮ ಟ್ರಾನ್ಸ್‌ಪೋರ್ಟರ್ ಫೋನ್ ಎತ್ತೋದೇ ಬಿಟ್ಟ. 42,000ಕ್ಕೆ ನಮಗೆ ಹಾಕೋ ಗಾಡಿನ ಬೇರೆಯವ್ರಿಗೆ ಹಾಕಿದ್ರೆ ಅವನಿಗೆ 9,000 ಜಾಸ್ತಿ. ರಾತ್ರಿ ಹನ್ನೊಂದಕ್ಕೆ ಗೇಟ್ ಹತ್ರ ಬಿನ್‌ಗಳೆಲ್ಲಾ ಪ್ಯಾಕ್ ಆಗಿ ಸಾಲಾಗಿ ನಿಂತಿವೆ, ಸೆಕ್ಯುರಿಟಿ ರಿಜಿಸ್ಟರ್‌ನಲ್ಲಿ ಗಾಡಿ ನಂಬರ್ ಕಾಲಂ ಖಾಲಿ, ಕಸ್ಟಮರ್ ಹತ್ರ ಇನ್ನೊಂದು ದಿನದ ಸ್ಟಾಕ್ ಮಾತ್ರ. ಮಾರ್ಕೆಟ್ ಗಾಡಿ ಮಾಡಿ ಕಳಿಸಿದ್ವಿ, ಆ 9,000 ನಮ್ಮ ತಲೆ ಮೇಲೇ ಬಿತ್ತು, ಯಾಕಂದ್ರೆ ಕಾಂಟ್ರಾಕ್ಟ್‌ನಲ್ಲಿ ಕೇಳೋಕೆ ಏನೂ ಇರ್ಲಿಲ್ಲ. ತಿಂಗಳಿಗೆ 8 ಗಾಡಿ ಇರೋರಿಗೆ ಪರ್ಸೆಂಟ್ ಕೆಲಸಕ್ಕೆ ಬರಲ್ಲ, ಒಂದು ತಪ್ಪಿದ್ರೇ 87.5% ಆಗಿಹೋಗುತ್ತೆ, ಅದನ್ನ ಹಿಡ್ಕೊಂಡು ಯಾರೂ ಜಗಳಕ್ಕೆ ಹೋಗಲ್ಲ.

ಅದಕ್ಕೆ ಈಗ ಟ್ರಿಪ್ ಲೆಕ್ಕದಲ್ಲೇ ಬರೆಸಿದೀವಿ. ಬೆಳಗ್ಗೆ 11ರ ಒಳಗೆ ಮೇಲ್ ಅಥವಾ ವಾಟ್ಸಾಪ್‌ನಲ್ಲಿ ಗಾಡಿ ಬೇಕು ಅಂತ ಇಂಡೆಂಟ್ ಕೊಟ್ರೆ ಸಂಜೆ 6ಕ್ಕೆ ಗಾಡಿ ಗೇಟ್‌ನಲ್ಲಿರ್ಬೇಕು. ರಾತ್ರಿ 10ರವರೆಗೂ ಬರ್ಲಿಲ್ಲ ಅಂದ್ರೆ ನಾವು ಮಾರ್ಕೆಟ್ ಗಾಡಿ ಮಾಡ್ತೀವಿ, ಜಾಸ್ತಿ ಆದ ದುಡ್ಡನ್ನ ಅವರ ಬಿಲ್‌ನಲ್ಲಿ ಹಿಡಿತೀವಿ, ಆದ್ರೆ ಟ್ರಿಪ್ ರೇಟ್‌ನ 20% ಮೀರಲ್ಲ. ಮೇಲೆ ಹೇಳಿದ ಕೇಸ್‌ನಲ್ಲಿ ಇದಿದ್ದಿದ್ರೆ 9,000ದಲ್ಲಿ 8,400 ಅವರದ್ದು, 600 ನಮ್ದು. ಈ 20% ಮಿತಿ ಇಡದೇ ಇದ್ರೆ ಯಾವ ಟ್ರಾನ್ಸ್‌ಪೋರ್ಟರ್ ಕೂಡ ಸಹಿ ಹಾಕಲ್ಲ, ಹಾಕ್ದೋನು ಓದದೇ ಹಾಕಿದಾನೆ ಅಂತರ್ಥ. ಚಾಕಣ್ ಮುಟ್ಟೋಕೆ 48 ಗಂಟೆ, ಅದನ್ನ ಟ್ರಾನ್ಸ್‌ಪೋರ್ಟರ್ ಕೊಡೋ ಎಲ್‌ಆರ್ ರಸೀದಿ ತಾರೀಖಿಂದ ಎಣಿಸ್ಬೇಡಿ, ನಮ್ಮ ಗೇಟ್ ಔಟ್ ಟೈಮಿಂದ ಎಣಿಸಿ. ರಸ್ತೆ ಬಂದ್, ಮುಷ್ಕರ, ನಮ್ಮಿಂದಲೇ ಇ-ವೇ ಬಿಲ್ ತಡ ಆದದ್ದು, ಇವಕ್ಕೆ ದಂಡ ಇಲ್ಲ.

ಇಷ್ಟು ಕೇಳೋವಾಗ ನೀವೂ ಏನಾದ್ರೂ ಕೊಡ್ಬೇಕು, ಟ್ರಾನ್ಸ್‌ಪೋರ್ಟರ್‌ಗೆ ನಿಜಕ್ಕೂ ಬೇಕಾಗಿರೋದು ಪೇಮೆಂಟ್. ಮಾಲು ಮುಟ್ಟಿದ್ದಕ್ಕೆ ಕಸ್ಟಮರ್ ಸಹಿ ಸೀಲು ಇರೋ ಪಿಓಡಿ ಒರಿಜಿನಲ್ ಬರೋವರೆಗೂ ಬಿಲ್ ತಗೊಳ್ಳದೇ 60-70 ದಿನ ಸತಾಯಿಸ್ತಿದ್ವಿ. ಈಗ ಸ್ಕ್ಯಾನ್ ಕಾಪಿಗೇ ಬಿಲ್ ತಗೊಂಡು 30 ದಿನಕ್ಕೆ ದುಡ್ಡು ಹಾಕ್ತೀವಿ, ತಿಂಗಳಿಗೆ ಕನಿಷ್ಠ 5 ಲೋಡ್ ಗ್ಯಾರಂಟಿ ಅಂತ ಬರೆದುಕೊಟ್ಟಿದೀವಿ. ಮಾರ್ಕೆಟ್ ಗಾಡಿ ಷರತ್ತಿಗೆ ಅವರು ಒಪ್ಪಿದ್ದು ಇದಾದ್ಮೇಲೇ. ಉಳಿದ ಲೋಡ್ ಎರಡನೇ ಟ್ರಾನ್ಸ್‌ಪೋರ್ಟರ್‌ಗೆ ಹೋಗುತ್ತೆ. ದಂಡ ಹಾಕಿದ ಮಾತ್ರಕ್ಕೆ ಆ ರಾತ್ರಿ ಗಾಡಿ ಬರಲ್ಲ, ಬರೋದು ಎರಡನೆಯವನಿದ್ರೆ ಮಾತ್ರ, ಅವನಿಗೂ ವರ್ಷಪೂರ್ತಿ ಕೆಲಸ ಕೊಟ್ಟಿದ್ರೆ ಮಾತ್ರ.

ಇನ್ನೊಂದು, ಮಾಲು ಹಾಳಾದ್ರೆ ಟ್ರಾನ್ಸ್‌ಪೋರ್ಟರ್ ಪೂರ್ತಿ ಕೊಡ್ತಾನೆ ಅಂದ್ಕೋಬೇಡಿ. 2011ರ ಕ್ಯಾರೇಜ್ ಬೈ ರೋಡ್ ರೂಲ್ಸ್ ಪ್ರಕಾರ, ಜಾಸ್ತಿ ರಿಸ್ಕ್ ರೇಟ್ ಒಪ್ಪಿ ಕೊಟ್ಟಿಲ್ಲ ಅಂದ್ರೆ ಅವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತರಷ್ಟಕ್ಕೇ ಸೀಮಿತ, 42,000ಕ್ಕೆ 4.2 ಲಕ್ಷ. ಅದಕ್ಕಿಂತ ಬೆಲೆಬಾಳೋ ಮಾಲಿದ್ರೆ ಟ್ರಾನ್ಸಿಟ್ ಇನ್ಶೂರೆನ್ಸ್ ನಿಮ್ಮ ಹೆಸರಲ್ಲೇ ಮಾಡ್ಸಿ.

ಮಾತಿಗೆ ಕೂರೋ ಮುಂಚೆ ಸೆಕ್ಯುರಿಟಿ ರಿಜಿಸ್ಟರ್‌ನಿಂದ ಒಂದು ವರ್ಷದ ಗಾಡಿ ಇನ್, ಔಟ್ ಟೈಮ್ ತೆಗೆದು, ಪಕ್ಕದಲ್ಲಿ ಇಂಡೆಂಟ್ ಕೊಟ್ಟ ಟೈಮ್ ಬರೆದು ಒಂದು ಶೀಟ್ ಮಾಡ್ಕೊಳ್ಳಿ. ನಾನು ಅದನ್ನ ಟೇಬಲ್ ಮೇಲಿಟ್ಟಾಗ 96ರಲ್ಲಿ 19 ಲೇಟ್ ಇತ್ತು, ಅದ್ರಲ್ಲಿ 6 ನಮ್ಮ ಪ್ಯಾಕಿಂಗ್ ಮುಗೀದೇ ನಾವೇ ಇಂಡೆಂಟ್ ತಡ ಮಾಡಿ ಕೊಟ್ಟಿದ್ದು. ಆ 6ನ್ನ ನಾನೇ ಮೊದ್ಲು ಒಪ್ಕೊಂಡೆ, ಉಳಿದ 13ರ ಬಗ್ಗೆ ಅವರು ಎದುರು ಮಾತಾಡ್ಲಿಲ್ಲ.