ಗೆಳತಿಯ ಪತ್ರೊಡೆಗೆ ಹೇಳಬೇಕಾದ ಮಾತು

“ಆಟಿಯಲ್ಲಿ ಗೆಳತಿ ಪತ್ರೊಡೆ ಮಾಡಿ ಮನೆಗೆ ಕರೆದಿದ್ದಳು. ತಿಂದು ‘ತುಂಬಾ ಚೆನ್ನಾಗಿದೆ’ ಎಂದೆ. ‘ನೀನು ಎಲ್ಲದಕ್ಕೂ ಹಾಗೆಯೇ ಹೇಳುವುದಲ್ಲವಾ’ ಎಂದಳು. ನಾನು ಮನಸಾರೆ ಹೇಳಿದ್ದೆ. ಅವಳು ನಂಬುವಂತೆ ಹೇಳುವುದು ಹೇಗೆ?”
– ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ:

ಪತ್ರೊಡೆ ಮಾಡುವವರಿಗೆ ಅದು ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿರುವುದರಿಂದ, ಹುಳಿ ಕಡಿಮೆಯಾದರೆ ಅಥವಾ ಬೇಯುವುದು ಸಾಲದಿದ್ದರೆ ತಿಂದ ಸ್ವಲ್ಪ ಹೊತ್ತಿಗೆ ಗಂಟಲು ತುರಿಸತೊಡಗುತ್ತದೆ. ಆ ಭಯಕ್ಕೆ ಹುಣಸೆಹುಳಿಯನ್ನು ಹೆಚ್ಚು ಹಾಕಿದರೆ ಕೊತ್ತಂಬರಿ, ಜೀರಿಗೆಯ ಪರಿಮಳವೆಲ್ಲ ಅದರಲ್ಲಿ ಮುಳುಗಿಹೋಗುತ್ತದೆ. ಅರೆದ ಅಕ್ಕಿಹಿಟ್ಟನ್ನು ಎಲೆಗೆ ದಪ್ಪಗೆ ಬಳಿದರೆ ಎಲೆಯ ರುಚಿಯೇ ತಿಳಿಯುವುದಿಲ್ಲ. ತೀರಾ ತೆಳ್ಳಗೆ ಬಳಿದರೆ ಸುರುಳಿ ಗಟ್ಟಿಯಾಗಿ ನಿಲ್ಲದೆ ಹೆಚ್ಚುವಾಗ ಪದರಗಳು ಬಿಟ್ಟುಕೊಳ್ಳುತ್ತವೆ. ಎಲೆಯ ಹಿಂಬದಿಯ ದಪ್ಪ ನಾರನ್ನು ಸವರುವುದು, ಹಬೆಯಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಬೇಯಿಸುವುದು, ತಣಿಯುವವರೆಗೆ ಕಾದು ಹೆಚ್ಚುವುದು, ಇವೆಲ್ಲ ತಿನ್ನುವವರ ಕಣ್ಣಿಗೆ ಬೀಳದ ಕೆಲಸಗಳು.

ನಿಮ್ಮ ಮೆಚ್ಚುಗೆ ಇವುಗಳಲ್ಲಿ ಒಂದನ್ನಾದರೂ ಮುಟ್ಟಬೇಕು. “ಎರಡು ತುಂಡು ತಿಂದೆ, ಗಂಟಲು ಒಂದಿಷ್ಟೂ ತುರಿಸಲಿಲ್ಲ, ಆದರೂ ಹುಳಿ ಮುಂದೆ ಬರಲಿಲ್ಲ. ಹುಣಸೆ ಎಷ್ಟು ಹಾಕಿದೆ ಮಾರಾಯ್ತಿ?” ಎಂದು ಕೇಳಿದ್ದರೆ ಅವಳು ಸಂಶಯಪಡುತ್ತಿರಲಿಲ್ಲ, ಏಕೆಂದರೆ ಆ ಮಾತನ್ನು ಬೇರೊಬ್ಬರ ಪಾಯಸಕ್ಕೋ ಸಾರಿಗೋ ಹೇಳಲು ಬರುವುದಿಲ್ಲ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಅವಳು ಕೊಡುವ ಉತ್ತರದಿಂದ, ಈ ಸಲ ನಿಮಗೆ ಕಾಣದೇ ಹೋದ ಕೆಲಸವೊಂದು ಮುಂದಿನ ಸಲ ಕಾಣುತ್ತದೆ.

ಆದರೆ ತಿಳಿಯದ್ದನ್ನು ತಿಳಿದಂತೆ ಹೇಳಬಾರದು. ಹಿಂದೊಮ್ಮೆ ನಾನು ಅತ್ತಿಗೆ ಮಾಡಿದ ಸಾಂಬಾರಿನ ಮಸಾಲೆಯ ಹದವನ್ನು ಉದ್ದಕ್ಕೆ ಹೊಗಳಿದೆ. ಅದು ಅಂಗಡಿಯಿಂದ ತಂದ ಪುಡಿಯಾಗಿತ್ತು. ಅತ್ತಿಗೆ ಅಂದು ನಿಜವಾಗಿ ಶ್ರಮಪಟ್ಟದ್ದು ಗುಳ್ಳ ಬದನೆ ಕರಗದಂತೆ ಬೇಯಿಸುವುದಕ್ಕೆ, ಅದರ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ. ಮಸಾಲೆ ಯಾರದೆಂದು ಖಚಿತವಿಲ್ಲದಾಗ ನಿಮ್ಮ ನಾಲಗೆಗೆ ತಿಳಿದದ್ದನ್ನಷ್ಟೇ ಹೇಳುವುದು ಕ್ಷೇಮ. “ನಮ್ಮ ಅಮ್ಮ ಮಾಡಿದ್ದಕ್ಕಿಂತ ಚೆನ್ನಾಗಿದೆ” ಎಂಬ ಹೋಲಿಕೆಯೂ ಬೇಡ; ಕೇಳಿದವರು ಅದನ್ನು ಉಪಚಾರದ ಮಾತೆಂದು ತಳ್ಳಿಹಾಕುತ್ತಾರೆ. ಉಪ್ಪು ತುಸು ಕಡಿಮೆ ಎನಿಸಿದ್ದರೆ ಉಪ್ಪನ್ನು ಹೊಗಳದೆ, ಒಪ್ಪಿದ ಸಂಗತಿಯೊಂದನ್ನೇ ಹೇಳಿ ನಿಲ್ಲಿಸಿ. ಅವಳೇ ಕೇಳಿದರೆ ಮಾತ್ರ ಉಪ್ಪಿನ ವಿಷಯವನ್ನು ಮುಚ್ಚಿಡಬೇಡಿ. ಅದನ್ನು ನೀವು ಹೇಳುವಿರೆಂದು ತಿಳಿದ ಮೇಲೆ ಉಳಿದ ಮೆಚ್ಚುಗೆಗೂ ಬೆಲೆ ಬರುತ್ತದೆ.

ಈಗಲೂ ತಡವಾಗಿಲ್ಲ. ಅವಳು ಕಟ್ಟಿಕೊಟ್ಟ ತುಂಡುಗಳನ್ನು ಮರುದಿನ ಕಾವಲಿಯಲ್ಲಿ ತೆಂಗಿನೆಣ್ಣೆ ಹಾಕಿ ಕಾಯಿಸಿ ತಿಂದಿದ್ದರೆ, ಫೋನು ಮಾಡಿ ಅಷ್ಟನ್ನೇ ತಿಳಿಸಿ: ಮಗುಚುವಾಗ ಒಂದು ಪದರವೂ ಬಿಟ್ಟುಕೊಳ್ಳಲಿಲ್ಲ, ಅಂಚು ಗರಿಗರಿಯಾಯಿತು, ಮನೆಯಲ್ಲಿ ಕೊನೆಯ ತುಂಡನ್ನು ಯಾರು ತಿಂದರು ಎಂದು.