ಪಂಚಮದಲ್ಲಿ ಗುರು ಇದ್ದರೆ ಮಕ್ಕಳಾಗುವುದಿಲ್ಲವೇ?

"ಮದುವೆಯಾಗಿ 3 ವರ್ಷ. ನನ್ನದು ಸಿಂಹ ಲಗ್ನ 28 ಡಿಗ್ರಿ, ಗುರು ಧನುಸ್ಸಿನಲ್ಲಿ 8, ಚಂದ್ರ ವೃಷಭದಲ್ಲಿ 12, ಕುಜ ಕರ್ಕದಲ್ಲಿ 22. ಪಂಚಮದಲ್ಲಿ ಗುರು ಇದ್ದಾನೆ, ಸಂತಾನ ಕಷ್ಟ ಅಂದರು. ರಾತ್ರಿ ನಿದ್ದೆಯೇ ಇಲ್ಲ. ನಿಜವಾ?"

ನಿಮ್ಮನ್ನು ಹೆದರಿಸಿದ್ದು "ಕಾರಕೋ ಭಾವನಾಶಾಯ" ಎಂಬ ಮಾತು. ಸಂತಾನಕಾರಕ ಗುರು ಸಂತಾನಭಾವವಾದ ಐದನೇ ಮನೆಯಲ್ಲೇ ಕೂತರೆ ಆ ಭಾವ ಕೆಡುತ್ತದೆ ಅಂತ ಅದರ ಅರ್ಥ. ಆದರೆ ಧನುಸ್ಸು ಗುರುವಿನ ಸ್ವಂತ ಮನೆ. ನಿಮ್ಮ ಪಂಚಮಾಧಿಪತಿಯೂ ಅವನೇ. ತನ್ನ ಮನೆಯಲ್ಲಿ ಬಲವಾಗಿ ಕೂತವನ ಮೇಲೆ ಆ ಸೂತ್ರವನ್ನು ಕಣ್ಣುಮುಚ್ಚಿ ಹೊರಿಸುವುದು ಸರಿಯಲ್ಲ.

ನನಗೆ ಅದಕ್ಕಿಂತ ದೊಡ್ಡ ಅನುಮಾನ ಆ 28ರ ಮೇಲೆ. ಲಗ್ನ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, 30 ಡಿಗ್ರಿಗೆ ರಾಶಿ ಮುಗಿಯುತ್ತದೆ. ನೀವು ಹುಟ್ಟಿದ್ದು ಬರೆದಿಟ್ಟದ್ದಕ್ಕಿಂತ ಹತ್ತು ನಿಮಿಷ ತಡವಾಗಿದ್ದರೆ ಲಗ್ನ ಕನ್ಯಾ ಆಗಿಬಿಡುತ್ತದೆ. ಆಗ ಪಂಚಮ ಮಕರ, ಅಧಿಪತಿ ಶನಿ, ಗುರು ಇರುವುದು ನಾಲ್ಕನೇ ಮನೆಯಲ್ಲಿ. ನಿಮಗೆ ಹೇಳಿದ ಫಲಕ್ಕೆ ಆಧಾರವೇ ಉಳಿಯುವುದಿಲ್ಲ. ಕಾಲು ಗಂಟೆಗೆ ಸುತ್ತಿ ಬರೆದ ಜನನ ಸಮಯಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇಂಥ ಕಡೆ ಲಗ್ನದ ಹಂಗಿಲ್ಲದ ಲೆಕ್ಕ ಒಂದಿದೆ: ಹೆಂಡತಿಗೆ ಕ್ಷೇತ್ರಸ್ಫುಟ. ಚಂದ್ರ, ಕುಜ, ಗುರು ಮೂವರ ಸ್ಫುಟವನ್ನು, ಅಂದರೆ ಅವರು ಇರುವ ಡಿಗ್ರಿಯನ್ನು, ಮೇಷದ ಆರಂಭದಿಂದ ಎಣಿಸಿ ಕೂಡಬೇಕು. ನಿಮ್ಮದು 42, 112, 248. ಒಟ್ಟು 402, ಅದರಲ್ಲಿ 360 ಕಳೆದರೆ 42. ಅಂದರೆ ವೃಷಭದಲ್ಲಿ 12 ಡಿಗ್ರಿ. ಕ್ಷೇತ್ರಸ್ಫುಟ ಸಮರಾಶಿಯಲ್ಲಿ, ರಾಶಿಯನ್ನು ಒಂಬತ್ತು ಪಾಲು ಮಾಡಿದ ನವಾಂಶದಲ್ಲೂ ಸಮವಾಗಿ ಬಿದ್ದರೆ ಒಳ್ಳೆಯದು ಎನ್ನುತ್ತಾರೆ. ವೃಷಭ ಸಮರಾಶಿಯೇ. ನವಾಂಶ ಮಾತ್ರ ಮೇಷಕ್ಕೆ ಹೋಗುತ್ತದೆ, ಅದು ಬೆಸ. ಹೀಗೆ ಒಂದು ಸಮ, ಒಂದು ಬೆಸ ಬಂದರೆ ನಾನು ಓದುವುದು "ವಿಲಂಬ" ಅಂತ, "ಇಲ್ಲ" ಅಂತ ಅಲ್ಲ. ಕಾಲು ಗಂಟೆಯ ತಪ್ಪಿನಿಂದ ಈ ಲೆಕ್ಕ ಬದಲಾಗುವುದೂ ಇಲ್ಲ, ಚಂದ್ರ ಒಂದು ಡಿಗ್ರಿ ನಡೆಯಲು ಎರಡು ಗಂಟೆಯ ಹತ್ತಿರ ಬೇಕು.

ಇದು ಅರ್ಧ ಜಾತಕ ಅಷ್ಟೇ. ನಿಮ್ಮ ಯಜಮಾನರ ಬೀಜಸ್ಫುಟ (ರವಿ, ಶುಕ್ರ, ಗುರು ಕೂಡಿದ್ದು, ಅಲ್ಲಿ ಬೆಸರಾಶಿ ಒಳ್ಳೆಯದು) ನೋಡದೆ ಸಂತಾನದ ಮಾತು ಎತ್ತಿದವರು ಅವಸರ ಮಾಡಿದ್ದಾರೆ. ಎಲ್ಲ ಹೊರೆಯನ್ನೂ ಹೆಂಗಸಿನ ಜಾತಕದ ಮೇಲೆ ಹಾಕುವ ಈ ಚಾಳಿ ನನಗೆ ಮೊದಲಿಂದಲೂ ಹಿಡಿಸದು.

ಇನ್ನೊಂದು ಮಾತು. ಗರ್ಭನಾಳ ಮುಚ್ಚಿದೆಯೋ, ಥೈರಾಯ್ಡ್ ಏರಿದೆಯೋ ಕುಂಡಲಿಯಲ್ಲಿ ಕಾಣುವುದಿಲ್ಲ. ಒಂದು ವರ್ಷ ಪ್ರಯತ್ನಿಸಿಯೂ ಆಗಿಲ್ಲವೆಂದರೆ, 35 ದಾಟಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿ ಹೋಗಬೇಕು. ಯಜಮಾನರ ವೀರ್ಯ ಪರೀಕ್ಷೆ ಸುಲಭದ್ದು, ಅದನ್ನು ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ದೊಡ್ಡ ಖರ್ಚಿನ ಶಾಂತಿ ಮಾಡಿಸಿ ಅಂತ ಯಾರಾದರೂ ಹೇಳಿದ್ದರೆ, ಈ ವರದಿಗಳು ಬರುವವರೆಗೆ ಅದು ಕಾಯಲಿ. ಅಷ್ಟರಲ್ಲಿ ಹುಟ್ಟಿದ ಗಳಿಗೆಯನ್ನು ಯಾರು, ಯಾವ ಗಡಿಯಾರ ನೋಡಿ ಬರೆದರು ಅಂತ ನಿಮ್ಮ ಅಮ್ಮನನ್ನು ಒಮ್ಮೆ ಕೇಳಿ.